ವಿಜ್ಞಾನ ದಿನದ ಬಿಲ್ಲುಗಳ ಲೆಕ್ಕ: ಸಲಹೆಗಾರರಿಗೆ ಖಜಾಂಚಿಯ ಟಿಪ್ಪಣಿ

ತುಮಕೂರು, 9 ಮಾರ್ಚ್ 2026

ಮಾನ್ಯ ಮೇಡಂ, ನಮಸ್ಕಾರ.

ಫೆಬ್ರವರಿ 27 ಮತ್ತು 28ರ ಕಾರ್ಯಕ್ರಮದ್ದೆಂದು ಮೊದಲು ಕಳಿಸಿದ ಹಾಳೆಯಲ್ಲಿ ಖರ್ಚು 69,199 ರೂಪಾಯಿ ಎಂದಿತ್ತು. ಬಂದ ಹಣ 66,800. ಹಾಗಾಗಿ 2,399 ಕೊರತೆ ಕಂಡು, ಅದು ಎಲ್ಲಿಂದ ಬಂತೆಂದು ತಾವು ಕೇಳಿದಿರಿ. ಕೊರತೆ ಇಲ್ಲ ಮೇಡಂ. ಬಿಲ್ಲುಗಳನ್ನು ಒಂದೊಂದಾಗಿ ಮತ್ತೆ ನೋಡಿದ ಮೇಲೆ ನಿಜವಾದ ಖರ್ಚು 62,203, ಉಳಿಕೆ 4,597. ತಪ್ಪಿದ್ದದ್ದು ಕಾಗದದಿಂದ ಹಾಳೆಗೆ ಅಂಕಿ ಇಳಿಸುವಾಗ. ಒಟ್ಟು 9 ಬಿಲ್, 3 ವೋಚರ್. ಸರಿಪಡಿಸಿದ ಮೊತ್ತಗಳು ಹೀಗಿವೆ:

ಶಾಮಿಯಾನ, ಕುರ್ಚಿ, ಟೇಬಲ್ – 14,160
ಸೌಂಡ್ ಸಿಸ್ಟಮ್ – 6,500
ಎರಡು ದಿನದ ಮಧ್ಯಾಹ್ನದ ಊಟ – 18,743
ಅತಿಥಿಗಳು ಮತ್ತು ಸ್ವಯಂಸೇವಕರ ತಿಂಡಿ – 1,200
ಹೂವು, ಹಾರ – 1,650
ಫ್ಲೆಕ್ಸ್ – 2,195
ನೆನಪಿನ ಕಾಣಿಕೆ – 2,700
ಪ್ರಮಾಣಪತ್ರ ಮುದ್ರಣ – 1,440
ಸ್ಟೇಷನರಿ – 615
ಸಾಮಾನು ಸಾಗಾಟ (ವೋಚರ್) – 800
ನಗದು ಬಹುಮಾನ (ವೋಚರ್) – 9,000
ಅತಿಥಿಗಳ ಪ್ರಯಾಣ (ವೋಚರ್) – 3,200

ಮೊದಲ ಹಾಳೆಗೂ ಇದಕ್ಕೂ 6,996 ವ್ಯತ್ಯಾಸ. ಅದರಲ್ಲಿ ನಾಲ್ಕು ತಪ್ಪು ಸೇರಿಕೊಂಡಿವೆ. ಮೂರು ಮೊತ್ತವನ್ನು ಹೆಚ್ಚಿಸಿದವು, ಒಂದು ಕಡಿಮೆ ಮಾಡಿತು.

ದೊಡ್ಡದು ಸ್ಟೇಷನರಿ ಬಿಲ್. ಅಂಗಡಿಯವರು ಕೈಯಲ್ಲಿ 615/- ಎಂದು ಬರೆದಿದ್ದಾರೆ. ಫೋನಿನ ಸ್ಕ್ಯಾನ್ ಆ್ಯಪ್ ಆ ಓರೆಗೆರೆಯನ್ನು 1 ಎಂದು ಓದಿ 6151 ಮಾಡಿತು. ಪೆನ್ನಿನ ಗೆರೆ ನೆಟ್ಟಗಿದ್ದರೆ ಹೀಗೇ ಆಗುತ್ತದೆ. ಎರಡು ರೀಮು ಕಾಗದ, ಒಂದಿಷ್ಟು ಪೆನ್ನಿಗೆ ಆರು ಸಾವಿರವೇ ಎಂದು ಆಗಲೇ ಅನುಮಾನ ಬರಬೇಕಿತ್ತು. ಇದೊಂದರಿಂದಲೇ 5,536 ಹೆಚ್ಚಾಗಿತ್ತು.

ಶಾಮಿಯಾನದ ಬಿಲ್ಲಿನಲ್ಲಿ ಬಾಡಿಗೆ 12,000, ಸಿಜಿಎಸ್‌ಟಿ ಶೇ. 9ರಂತೆ 1,080, ಎಸ್‌ಜಿಎಸ್‌ಟಿ ಶೇ. 9ರಂತೆ 1,080, ಒಟ್ಟು 14,160. ಹಾಳೆಯಲ್ಲಿ E ಕಾಲಂ ತೆರಿಗೆ ಸೇರದ ಮೊತ್ತಕ್ಕೆ, F ತೆರಿಗೆಗೆ. G ಇವೆರಡರ ಮೊತ್ತ. ನಾನು Eಯಲ್ಲಿ 12,000ದ ಬದಲು ಬಿಲ್ಲಿನ ಕೊನೆಯ ಸಾಲಿನ 14,160 ಹಾಕಿದ್ದೆ. ತೆರಿಗೆ ಎರಡು ಸಲ ಸೇರಿ 16,320 ಆಯಿತು, ಹೆಚ್ಚಾದದ್ದು 2,160.

ಸೌಂಡ್ ಸಿಸ್ಟಮ್‌ನವರಿಗೆ ಮುಂಗಡ 2,000 ಯುಪಿಐ ಮೂಲಕ, ಬಾಕಿ 4,500 ನಗದಾಗಿ ಕೊಟ್ಟಿದ್ದೇವೆ. ಪೂರ್ತಿ ಬಿಲ್ 6,500ಕ್ಕೇ ಇದೆ. ಆದರೆ ಮುಂಗಡದ ರಸೀದಿ ಬೇರೆ ಚೀಟಿಯಾಗಿದ್ದರಿಂದ ಅದಕ್ಕೂ ಒಂದು ಸಾಲು ಬಿತ್ತು. ಅಲ್ಲಿ 2,000 ಹೆಚ್ಚು. ಈಗ ಆ ರಸೀದಿಯನ್ನು ಬಿಲ್ಲಿನ ಹಿಂದೆ ಪಿನ್ ಮಾಡಿದ್ದೇನೆ; ಹಾಳೆಯಲ್ಲಿ ಅದಕ್ಕೆ ಸಾಲಿಲ್ಲ.

ನಾಲ್ಕನೆಯದು ಕಣ್ಣಿಗೆ ಬೀಳದ ತಪ್ಪು. ನೆನಪಿನ ಕಾಣಿಕೆಯ ಬಿಲ್ಲಿನಲ್ಲಿ ತೆರಿಗೆ ಇಲ್ಲದ್ದರಿಂದ ಮೊತ್ತವನ್ನು ನೇರವಾಗಿ Gಗೇ 2,700/- ಎಂದು ಟೈಪ್ ಮಾಡಿದ್ದೆ. ಆ ಗುರುತು ಸೇರಿದ ಕೂಡಲೇ ಹಾಳೆಗೆ ಅದು ಅಂಕಿಯಲ್ಲ, ಬರಹ. SUM ಅದನ್ನು ಬಿಟ್ಟು ಕೂಡುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಅಂಕಿಗಳು ಕೋಶದ ಬಲಕ್ಕೆ ಅಂಟಿಕೊಂಡಿದ್ದರೆ ಇದೊಂದು ಎಡಕ್ಕೆ ನಿಂತಿತ್ತು, ಅಷ್ಟೇ ಸುಳಿವು. ಇದರಿಂದ 2,700 ಕಡಿಮೆ ತೋರಿತ್ತು. ತಮಗೆ ಈಗ ಕಳಿಸಿರುವ, ಸರಿಪಡಿಸಿದ ಫೈಲಿನಲ್ಲೇ ಹೀಗೆ ನೋಡಬಹುದು:

```
=COUNT(G2:G13)
=SUM(G2:G13)
```

ಮೊದಲನೆಯದು 12 ಎಂದು ಬರಬೇಕು. 11 ಬಂದರೆ ಯಾವುದೋ ಒಂದು ಕೋಶ ಬರಹವಾಗಿದೆ ಅಥವಾ ಖಾಲಿ ಇದೆ ಎಂದರ್ಥ. ಎರಡನೆಯದು 62,203.

ಬ್ಯಾಂಕಿನ ಕಡೆಯಿಂದ ನೋಡಿದರೂ ಇದೇ ಬರುತ್ತದೆ. ಕಾಲೇಜಿನ ಅನುದಾನ 40,000, ಪ್ರಾಯೋಜಕರಿಂದ 15,000, ನೋಂದಣಿ 118 ಜನರಿಂದ ತಲಾ 100ರಂತೆ 11,800. ಇದೆಲ್ಲ ಖಾತೆಗೇ ಬಂದಿದೆ. ಖಾತೆಯಿಂದ ನೇರ ಪಾವತಿ 42,438, ನಗದು ತೆಗೆದದ್ದು 20,000. ಆ ನಗದಿನಲ್ಲಿ ಬಹುಮಾನ, ಪ್ರಯಾಣ, ಸೌಂಡ್ ಬಾಕಿ, ಹೂವು, ಸಾಗಾಟ, ಸ್ಟೇಷನರಿ ಸೇರಿ 19,765 ಹೋಗಿದೆ. ಪೆಟ್ಟಿಗೆಯಲ್ಲಿ 235 ಇದೆ. ಹಳೆಯ ಶಿಲ್ಕು ಬಿಟ್ಟು ಖಾತೆಯಲ್ಲಿ ಉಳಿದದ್ದು 4,362. ಊಟದ 18,743 ಸ್ಟೇಟ್‌ಮೆಂಟ್‌ನಲ್ಲಿ ಒಂದೇ ಸಾಲಾಗಿ ಸಿಗುವುದಿಲ್ಲ. ಮುಂಗಡ 10,000, ಆಮೇಲೆ 8,743 ಎಂದು ಎರಡಾಗಿ ಹುಡುಕಬೇಕು.

ಅದೇ ಊಟದ ಬಿಲ್ಲಿನ ಬಗ್ಗೆ ಇನ್ನೊಂದು ಮಾತು. 210 ಊಟ, ತಲಾ 85ರಂತೆ 17,850. ಶೇ. 5 ಜಿಎಸ್‌ಟಿ 892.50. ಐವತ್ತು ಪೈಸೆಯನ್ನು ಮೇಲಕ್ಕೆ ಸರಿಹೊಂದಿಸಿ 18,743 ಮಾಡಿದ್ದಾರೆ. ವಾಪಸ್ ಬಂದ ಕೂಪನ್ ಎಣಿಸಿದರೆ 198. ಉಳಿದ 12 ಊಟ ಶಾಮಿಯಾನ ಮತ್ತು ಸೌಂಡ್ ಕೆಲಸದವರಿಗೆ, ನಮ್ಮ ಅಟೆಂಡರ್‌ಗಳಿಗೆ ಕೂಪನ್ ಇಲ್ಲದೆ ಬಡಿಸಿದ್ದು. ಕೂಪನ್ ಇಲ್ಲದ ಊಟಕ್ಕೆ ಬಿಲ್ ಬಿಟ್ಟು ಬೇರೆ ದಾಖಲೆ ಇಲ್ಲ. ಹಾಗಾಗಿ ಆ 12ಕ್ಕೆ ತೆರಿಗೆ ಬಿಟ್ಟು 1,020 ರೂಪಾಯಿಯ ಟಿಪ್ಪಣಿಯನ್ನು ಬೇರೆ ಬರೆದಿಟ್ಟಿದ್ದೇನೆ. ಅದನ್ನು ಒಪ್ಪುವುದಾದರೆ ತಮ್ಮ ಸಹಿ ಬೇಕು.

ಹೂವಿನ ಚೀಟಿಯಲ್ಲಿ ಅಂಗಡಿಯ ಹೆಸರಾಗಲಿ ಸೀಲಾಗಲಿ ಇಲ್ಲ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಕೊಂಡದ್ದು. ಕೊಟ್ಟವರು ಹಾಳೆಯ ತುಂಡಿನಲ್ಲಿ ಕನ್ನಡ ಅಂಕಿಯಲ್ಲೇ ಬರೆದಿದ್ದಾರೆ. ಸೇವಂತಿಗೆ ೨೦ ಮಾರು, ದರದ ಮೇಲೆ ನೀರು ಬಿದ್ದು ೬೦ ಇದ್ದದ್ದು ೯೦ರಂತೆ ಕಾಣುತ್ತದೆ. 90 ಎಂದರೆ ಸೇವಂತಿಗೆಯೇ 1,800 ಆಗಿ, ಮೂರು ಹಾರದ 450 ಸೇರಿ 2,250 ಆಗಬೇಕು. ಚೀಟಿಯ ಕೆಳಗಿನ ಮೊತ್ತ 1,650. ಅದು 60ಕ್ಕೆ ಮಾತ್ರ ಹೊಂದುತ್ತದೆ. ತಾಜಾ ಹೂವಿಗೆ ಜಿಎಸ್‌ಟಿ ಇಲ್ಲ, ಆದ್ದರಿಂದ ತೆರಿಗೆ ಕಾಲಂ ಖಾಲಿ ಬಿಟ್ಟಿರುವುದು ಸರಿ. ಚೀಟಿಯ ಜೊತೆ ಕೊಂಡುತಂದ ಇಬ್ಬರೂ ಸಹಿ ಹಾಕಿದ ದೃಢೀಕರಣ ಪತ್ರ ಇಟ್ಟಿದ್ದೇನೆ.

ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿಯ ಬಿಲ್ 40 ಪ್ಲೇಟ್‌ಗೆ 1,200. ಜಿಎಸ್‌ಟಿ ಸಂಖ್ಯೆ ಇದ್ದೂ ತೆರಿಗೆಯ ಸಾಲಿಲ್ಲವೆಂದು ಆಡಿಟ್‌ನವರು ಕೇಳಬಹುದು. ಅವರದು ಕಾಂಪೊಸಿಷನ್ ನೋಂದಣಿ. ಆ ವರ್ಗದವರು ಗಿರಾಕಿಯಿಂದ ತೆರಿಗೆ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಕೊಡುವುದು ಬಿಲ್ ಆಫ್ ಸಪ್ಲೈ ಮಾತ್ರ. ಥರ್ಮಲ್ ಕಾಗದ ಈಗಲೇ ಮಾಸುತ್ತಿದೆ, ಜೆರಾಕ್ಸ್ ತೆಗೆದು ಮೂಲದ ಜೊತೆ ಸೇರಿಸಿದ್ದೇನೆ.

ಫ್ಲೆಕ್ಸ್ ಲೆಕ್ಕ ಸರಿಯಿದೆ: 8×4 ಅಡಿಯ ಎರಡು, 10×6ರ ಒಂದು, ಒಟ್ಟು 124 ಚದರ ಅಡಿ, ಅಡಿಗೆ 15ರಂತೆ 1,860, ತೆರಿಗೆ 334.80, ಮೇಲೆ 20 ಪೈಸೆ. ತೊಂದರೆ ಹೆಸರಿನದು. ಬಿಲ್ ಕಾಲೇಜಿನ ಹೆಸರಿಗಲ್ಲ, ಆರ್ಡರ್ ಕೊಟ್ಟ ವಿದ್ಯಾರ್ಥಿಯ ಹೆಸರಿಗಿದೆ. ತಿದ್ದಿದ ಬಿಲ್ ಬುಧವಾರ ಕೊಡುತ್ತೇವೆಂದಿದ್ದಾರೆ. ಅದು ಬರುವವರೆಗೆ ಆ ಒಂದು ಸಾಲಿಗೆ ಸಹಿ ಹಾಕಬೇಡಿ.

ಬಹುಮಾನದ 9,000ಕ್ಕೆ ಆರೂ ಜನರ ಸಹಿ ಇದೆ. ಅತಿ ದೊಡ್ಡ ಬಹುಮಾನವೇ 2,000, ಹಾಗಾಗಿ ರೆವಿನ್ಯೂ ಸ್ಟ್ಯಾಂಪ್ ಬೇಕಿಲ್ಲ. ಸೌಂಡ್‌ನವರು ಮಾತ್ರ ಬಾಕಿ ಪಡೆದಾಗ ಮುಂಗಡವೂ ಸೇರಿ 6,500 ಪೂರ್ತಿ ಸಂದಿದೆ ಎಂದು ರಸೀದಿ ಬರೆದಿದ್ದಾರೆ. 5,000 ದಾಟಿದ್ದರಿಂದ 1 ರೂಪಾಯಿ ಸ್ಟ್ಯಾಂಪ್ ಅಂಟಿಸಿ, ಅದರ ಮೇಲೆ ಹಾಯುವಂತೆ ಅವರ ಸಹಿ ಹಾಕಿಸಿದ್ದೇನೆ.

ಮೂಲ ಬಿಲ್ಲುಗಳ ಫೈಲು ವಿಭಾಗದ ಕಚೇರಿಯ ಬೀರುವಿನಲ್ಲಿದೆ. ಬಿಲ್ಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದ ಸಂಖ್ಯೆಯೇ ಹಾಳೆಯ A ಕಾಲಂನ ಸಂಖ್ಯೆ.

ಇಂತಿ ತಮ್ಮ ವಿದ್ಯಾರ್ಥಿ,
ಖಜಾಂಚಿ, ವಿಜ್ಞಾನ ಸಂಘ