ವಾರದ ರಜೆಯ ಬದಲಾವಣೆ: ಪ್ರಕಟಣೆ

ದಿನಾಂಕ: 16 ಫೆಬ್ರವರಿ 2026
ಬೇಕರಿ ತಯಾರಿಕಾ ಘಟಕ, ಗೋಕುಲ ರಸ್ತೆ, ಹುಬ್ಬಳ್ಳಿ

ಎಲ್ಲ ಸಿಬ್ಬಂದಿಯ ಗಮನಕ್ಕೆ,

ಶನಿವಾರ, ಭಾನುವಾರಗಳಲ್ಲೇ ಬೇಡಿಕೆ ಹೆಚ್ಚಿರುವುದರಿಂದ ಭಾನುವಾರದ ರಜೆಯನ್ನು ಬದಲಾಯಿಸಲಾಗಿದೆ. ಇನ್ನು ಮುಂದೆ ‘ಎ’ ತಂಡಕ್ಕೆ ಮಂಗಳವಾರ, ‘ಬಿ’ ತಂಡಕ್ಕೆ ಬುಧವಾರ ರಜೆ. ಹೊಸ ಕ್ರಮ ಮಾರ್ಚ್ 3ರಿಂದ ಜಾರಿಗೆ ಬರುತ್ತದೆ. ಮಾರ್ಚ್ 1ರ ಭಾನುವಾರ ಎಂದಿನಂತೆ ರಜೆ ಇರುತ್ತದೆ. ಅದಕ್ಕಾಗಿ ಯಾರ ಸಂಬಳವನ್ನೂ ಕಡಿತ ಮಾಡುವುದಿಲ್ಲ.

ಮಕ್ಕಳು ಮನೆಯಲ್ಲಿರುವುದು ಭಾನುವಾರವೇ ಎಂಬುದು ನಮಗೆ ಗೊತ್ತಿದೆ. ಹೀಗಾಗಿ ಪ್ರತಿಯೊಬ್ಬರೂ ಸರದಿಯಂತೆ ತಿಂಗಳಿಗೆ ಒಂದು ಭಾನುವಾರ ರಜೆ ಪಡೆಯಬಹುದು. ಆ ವಾರ ನಿಮ್ಮ ಮಂಗಳವಾರ ಅಥವಾ ಬುಧವಾರ ಕೆಲಸದ ದಿನವಾಗುತ್ತದೆ. ಸರದಿ ಪಟ್ಟಿಯನ್ನು ಹಾಜರಿ ಯಂತ್ರದ ಪಕ್ಕದಲ್ಲಿ ಅಂಟಿಸಲಾಗುವುದು.

ಇನ್ನೊಂದು ತಂಡದವರೊಡನೆ ರಜೆ ಅದಲುಬದಲು ಮಾಡಿಕೊಳ್ಳಲು ಇಬ್ಬರ ಕೆಲಸವೂ ಒಂದೇ ಆಗಿರಬೇಕು. ಒಲೆಯ ಮುಂದೆ ನಿಲ್ಲುವವರ ಜಾಗಕ್ಕೆ ಒಲೆ ಬಲ್ಲವರೇ ಬೇಕು. ಇದು ಸುರಕ್ಷತೆಯ ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ಎರಡು ದಿನ ಮುಂಚೆ ಮೇಲ್ವಿಚಾರಕರ ಬಳಿಯ ನೀಲಿ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಬೇಕು. ಬಾಯಿಮಾತಿನ ಒಪ್ಪಂದವನ್ನು ಪರಿಗಣಿಸುವುದಿಲ್ಲ. ಸಹಿ ಹಾಕಿದ ಮೇಲೆ ಬಾರದಿದ್ದರೆ, ಬರಬೇಕಿದ್ದವರಿಗೇ ಗೈರುಹಾಜರಿ ಬೀಳುತ್ತದೆ, ಜೊತೆಗಾರರಿಗಲ್ಲ. ತಿಂಗಳಿಗೆ ಎರಡು ಬಾರಿ ಮಾತ್ರ ಅವಕಾಶ. ಯಾರೂ ಸತತವಾಗಿ ಹತ್ತು ದಿನಕ್ಕಿಂತ ಹೆಚ್ಚು ರಜೆಯಿಲ್ಲದೆ ದುಡಿಯುವಂತಿಲ್ಲ.

ಮನೆಯಲ್ಲಿ ಕಾಯಿಲೆ, ಸಾವು ಮುಂತಾದ ತುರ್ತು ಇದ್ದರೆ ಪುಸ್ತಕಕ್ಕೆ ಕಾಯಬೇಡಿ, ಮೇಲ್ವಿಚಾರಕರಿಗೆ ಕರೆ ಮಾಡಿದರೆ ಸಾಕು.

ತೊಂದರೆಯಿದ್ದವರು ಫೆಬ್ರವರಿ 25ರೊಳಗೆ ಮಧ್ಯಾಹ್ನ 3ರಿಂದ 5ರವರೆಗೆ ನಮ್ಮನ್ನು ಕಾಣಬಹುದು.

ವ್ಯವಸ್ಥಾಪಕರು
ಮಾನವ ಸಂಪನ್ಮೂಲ ವಿಭಾಗ