ಹೊಳೆ ದಾಟುವಷ್ಟು ಹೊತ್ತು

ಫೋನು ಕೈಗೆ ಕೊಡುವಾಗ ತಂಗಿಯ ಮಗ ಎರಡು ಮಾತು ಹೇಳಿದ. "ದೊಡ್ಡಮ್ಮ, ಶನಿವಾರ ಸಂಜೆ ಬಸ್ಸಿಗೆ ನಾನು ಹೊರಡ್ತೀನಿ, ಅಷ್ಟರೊಳಗೆ ಕೊಟ್ಬಿಡಿ. ಒಳಗಿರೋ ಫೋಟೋ ಮಾತ್ರ ಅಳಿಸ್ಬೇಡಿ, ಅಪ್ಪನ ಫೋಟೋ ಎಲ್ಲ ಅದರಲ್ಲೇ ಇದೆ."

ಆವತ್ತು ಗುರುವಾರ ರಾತ್ರಿ. ಫೋನಿನಲ್ಲಿ ಖಾಲಿ ಇದ್ದ ಜಾಗ 6 ಜಿಬಿ. ನನ್ನ ಫೋನಿನ ಕ್ಯಾಮೆರಾ ಕೆಟ್ಟು ಎರಡು ವರ್ಷವಾಗಿತ್ತು.

ಹೊಳೆಗೆ ಸೇತುವೆ ಕಟ್ಟಿ ಮುಗಿದಿತ್ತು. ಮುಂದಿನ ತಿಂಗಳು ಬಸ್ಸು ಓಡಾಡುತ್ತದೆ, ದೋಣಿ ನಿಲ್ಲುತ್ತದೆ. ಹನ್ನೊಂದು ವರ್ಷ ನಾನು ಆ ದೋಣಿಯಲ್ಲೇ ಶಾಲೆಗೆ ಹೋಗಿದ್ದೇನೆ. ದೋಣಿ ನಡೆಸುವ ಅಜ್ಜನ ಮೇಲೆ ಒಂದು ಡಾಕ್ಯುಮೆಂಟರಿ ಮಾಡಬೇಕು ಅಂತ ಆಸೆ. ಯಾರೂ ಮಾಡು ಅಂದಿರಲಿಲ್ಲ. ಮಾಡದೇ ಇದ್ದರೆ ನನಗೆ ಸಮಾಧಾನ ಇರುತ್ತಿರಲಿಲ್ಲ, ಅಷ್ಟೇ. ರಾತ್ರಿ ಕೂತು ಎರಡು ಹಾಳೆ ತುಂಬ ಪೀಠಿಕೆ ಬರೆದೆ. ಸೇತುವೆ ಬಂತು, ಅಜ್ಜನ ಅನ್ನ ಹೋಯಿತು ಅನ್ನೋದು ಅದರ ತಾತ್ಪರ್ಯ. ಬರೆಯುತ್ತಾ ಕಣ್ಣಲ್ಲಿ ನೀರು ಬಂತು.

ಶುಕ್ರವಾರ ಬೆಳಿಗ್ಗೆ ದಡದಲ್ಲಿ ನಿಂತು ಆ ಪೀಠಿಕೆಯನ್ನು ಕ್ಯಾಮೆರಾ ಮುಂದೆ ಓದಿದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಫೋನು ಹಿಡಿದಿದ್ದಳು. ಐದು ನಿಮಿಷ ಆಯಿತು. ನೋಡಿದರೆ ಹತ್ತಿರ ಹತ್ತಿರ 2 ಜಿಬಿ ಖರ್ಚಾಗಿತ್ತು! ಫೋನು 4ಕೆ ಅಳತೆಯಲ್ಲಿತ್ತು. ಸೆಟ್ಟಿಂಗ್‌ನಲ್ಲಿ ಹುಡುಕಿ 1080ಕ್ಕೆ ಇಳಿಸಿದೆ. ಆಮೇಲೆ ನಿಮಿಷಕ್ಕೆ 130 ಎಂಬಿ ಆಸುಪಾಸು ಸಾಕಾಯಿತು.

ಶಾಲೆ ಬಿಟ್ಟ ಮೇಲೆ ಅಜ್ಜನನ್ನು ಕೂರಿಸಿಕೊಂಡು 22 ನಿಮಿಷ ಮಾತಾಡಿಸಿದೆ. ಸೂರ್ಯ ಅವರ ಬೆನ್ನ ಹಿಂದೆ ಇದ್ದಾನೆ ಅನ್ನೋದು ನನಗೆ ಹೊಳೆಯಲೇ ಇಲ್ಲ. ನಡುವೆ ಒಂದು ಕಾಲ್ ಬಂದು ರೆಕಾರ್ಡಿಂಗ್ ನಿಂತೇ ಹೋಯಿತು. ಮತ್ತೆ ಶುರು ಮಾಡಿದೆ. ಆದರೂ ಖುಷಿಯಲ್ಲೇ ಮನೆಗೆ ಬಂದೆ.

ರಾತ್ರಿ ಊಟ ಮುಗಿಸಿ ನೋಡಲು ಕೂತೆ. ಅಜ್ಜನ ಮುಖ ಬರೀ ಕಪ್ಪು. ಗಾಳಿ ಬರ್ ಅಂತ ಮೈಕಿಗೆ ಹೊಡೆಯುತ್ತಿತ್ತು. ಅದನ್ನಾದರೂ ಸಹಿಸಬಹುದು. ಸಹಿಸಲು ಆಗದೇ ಹೋದದ್ದು ನನ್ನ ದನಿ.

"ಸೇತುವೆ ಬಂದ ಮೇಲೆ ಏನು ಮಾಡ್ತೀರಿ ಅಜ್ಜ?"

"ಏನ್ ಮಾಡೋದು..."

"ಬೇಜಾರಾಗುತ್ತೆ ಅಲ್ವಾ?"

"ಹೂಂ."

"ಮಗನ ಮನೆಗೆ ಹೋಗ್ತೀರೇನೋ?"

"ಹೂಂ."

ಪೂರ್ತಿ ಹೀಗೇ. ಪ್ರಶ್ನೆ ನನ್ನದು, ಉತ್ತರವೂ ನನ್ನದು. ಒಂದು ಕಡೆ ಅಜ್ಜ "ಅಲ್ಲ ಟೀಚರಮ್ಮ, ಆ ಸೇತುವೆ..." ಅಂತ ಏನೋ ಶುರು ಮಾಡಿದ್ದರು. ನಾನು "ಗೊತ್ತು ಅಜ್ಜ, ಗೊತ್ತು" ಅಂತ ಅವರ ಮಾತಿನ ಮೇಲೆ ನನ್ನ ಮಾತು ಹೇರಿಬಿಟ್ಟಿದ್ದೆ. ಆ ಜಾಗವನ್ನು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಅಜ್ಜನ ಬಾಯಿ ಹಾಗೇ ಮುಚ್ಚಿಕೊಂಡಿತು.

ಕ್ಲಾಸಿನಲ್ಲೂ ನಾನು ಹೀಗೇ ಅಲ್ವಾ? ಮಗು ಎದ್ದು ನಿಂತು ತಡವರಿಸಿದರೆ ಸಾಕು, ಉಳಿದದ್ದನ್ನು ನಾನೇ ಹೇಳಿ ಕೂರಿಸುತ್ತೇನೆ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಉಳಿದಿದ್ದ ಜಾಗ 1 ಜಿಬಿ. ಅಂದರೆ ಎಂಟು ನಿಮಿಷವೂ ಪೂರ್ತಿ ಸಿಗುವುದಿಲ್ಲ. ದೋಣಿ ಹೊಳೆ ದಾಟಲು ಹನ್ನೆರಡು ನಿಮಿಷ ಬೇಕು. ಹುಡುಗನ ಫೋಟೋ ಮುಟ್ಟುವ ಹಾಗಿಲ್ಲ. ನನ್ನ ಪೀಠಿಕೆಯನ್ನು ಇನ್ನೊಂದು ಸಲ ನೋಡಿದೆ. ಚೆನ್ನಾಗಿಯೇ ಓದಿದ್ದೆ. ಅಳಿಸಿದೆ.

ಶನಿವಾರ ಮಕ್ಕಳು ಬರುವ ಮೊದಲೇ ದಡಕ್ಕೆ ಹೋದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದೆ. ಸೆರಗಿನ ತುದಿಯಿಂದ ಲೆನ್ಸ್ ಒರೆಸಿದೆ, ಅದರ ಮೇಲೆ ನನ್ನದೇ ಬೆರಳಿನ ಜಿಡ್ಡು. ಒಂದು ಚೀಲಕ್ಕೆ ಮರಳು ತುಂಬಿ, ಫೋನನ್ನು ಅಡ್ಡಡ್ಡವಾಗಿ ಅದರಲ್ಲಿ ಹೂತಂತೆ ನಿಲ್ಲಿಸಿದೆ. ಈ ಸಲ ಬಿಸಿಲು ಅಜ್ಜನ ಮುಖದ ಮೇಲೆ ಬೀಳುವ ಕಡೆ ನೋಡಿ ಕೂತೆ. ಪರದೆಯಲ್ಲಿ ಅವರ ಮುಖವನ್ನು ಬೆರಳಿಂದ ಒತ್ತಿ ಹಿಡಿದಾಗ ಫೋಕಸ್ ಅಲ್ಲೇ ನಿಂತಿತು. ನನ್ನ ಹಳೇ ಫೋನಿನಲ್ಲಿ ಧ್ವನಿ ರೆಕಾರ್ಡರ್ ಆನ್ ಮಾಡಿ, ಗಾಳಿ ತಾಗದಂತೆ ಕರವಸ್ತ್ರ ಸುತ್ತಿ ಅಜ್ಜನ ಜೇಬಿಗೆ ಹಾಕಿದೆ. ಆಮೇಲೆ ಕ್ಯಾಮೆರಾ ಮುಂದೆ ಒಂದು ಸಲ ಚಪ್ಪಾಳೆ ತಟ್ಟಿದೆ. ಆ ಸದ್ದು ಎರಡರಲ್ಲೂ ಇದ್ದರೆ ಚಿತ್ರಕ್ಕೂ ಮಾತಿಗೂ ಹೊಂದಿಸಬಹುದು.

"ಇದ್ಯಾಕೆ ಚಪ್ಪಾಳೆ?" ಅಂದರು ಅಜ್ಜ.

"ಶುರು ಅಂತ."

ದೋಣಿ ಬಿಚ್ಚಿದರು.

"ಅಜ್ಜ, ನಿನ್ನೆ ಸೇತುವೆ ಬಗ್ಗೆ ಏನೋ ಹೇಳೋಕೆ ಹೊರಟಿದ್ರಿ. ನಾನು ಕೇಳಿಸಿಕೊಳ್ಳಲೇ ಇಲ್ಲ."

ಅಷ್ಟು ಹೇಳಿ ಸುಮ್ಮನಾದೆ. ಅಜ್ಜನೂ ಸುಮ್ಮನೆ. ಹುಟ್ಟು ನೀರಿಗೆ ಇಳಿಯಿತು, ಎದ್ದಿತು, ತುದಿಯಿಂದ ಹನಿಗಳು ಸಾಲಾಗಿ ಬಿದ್ದವು. ಅಜ್ಜನ ಬಲಗೈ ಹೆಬ್ಬೆರಳ ಬುಡದಲ್ಲಿ ಹುಟ್ಟು ಉಜ್ಜಿ ಉಜ್ಜಿ ಒಂದು ಗುಳಿ ಬಿದ್ದಿತ್ತು, ಅದರ ಸುತ್ತ ಚರ್ಮ ಕೊಂಬಿನ ಹಾಗೆ ಗಟ್ಟಿ. ಹನ್ನೊಂದು ವರ್ಷ ಎದುರಿಗೇ ಕೂತಿದ್ದೆ, ಒಂದು ದಿನವೂ ನೋಡಿರಲಿಲ್ಲ. ಒಂದು ನಿಮಿಷ ಆಯಿತು. ಎರಡು ನಿಮಿಷ. ಏನಾದರೂ ಕೇಳೋಣ ಅಂತ ನಾಲಿಗೆ ತುರಿಸುತ್ತಿತ್ತು. ಸೆರಗಿನ ತುದಿ ಕಚ್ಚಿ ಹಿಡಿದೆ.

ನಡು ಹೊಳೆಯಲ್ಲಿ ಅಜ್ಜ ಬಾಯಿಬಿಟ್ಟರು.

"ಈ ಸೇತುವೆ ಬೇಕು ಅಂತ ಅರ್ಜಿಗೆ ಮೊದಲು ಹೆಬ್ಬೆಟ್ಟು ಒತ್ತಿದ್ದು ನಾನೇ ಟೀಚರಮ್ಮ."

ಬರೆದಿಟ್ಟ ನನ್ನ ಎರಡು ಹಾಳೆ ನೆನಪಾಯಿತು. ಮೈ ಬಿಸಿಯಾಯಿತು.

"ಒಂದು ಮಳೆಗಾಲ. ಹೊಳೆ ತುಂಬಿತ್ತು. ಆಚೆ ದಡದಲ್ಲಿ ಹೆರಿಗೆ ನೋವು ತಿಂತಿದ್ದ ಹುಡುಗಿ. ಅವಳ ಗಂಡ ಲಾಟೀನು ಬೀಸಿ ಬೀಸಿ ನನ್ನ ಹೆಸರು ಕೂಗ್ತಾ ಇದ್ದ. ಮೂರು ಸಲ ದೋಣಿ ಬಿಚ್ಚಿದೆ. ಮೂರು ಸಲವೂ ನೀರು ತಿರುಗಿಸಿ ಈ ದಡಕ್ಕೇ ತಂದು ಹಾಕ್ತು." ಹುಟ್ಟು ನಿಲ್ಲಿಸಿದರು. "ಬೆಳಗಾಗೋ ಹೊತ್ತಿಗೆ ಕೂಗೋದು ನಿಂತಿತ್ತು."

ದೋಣಿ ತನ್ನಷ್ಟಕ್ಕೆ ತೇಲಿತು. ಹಲಗೆಗೆ ನೀರು ತಾಗುವ ಸದ್ದು ಬಿಟ್ಟರೆ ಏನೂ ಇಲ್ಲ. 'ಪಾಪ' ಅನ್ನೋ ಮಾತು ಗಂಟಲವರೆಗೂ ಬಂತು. ನುಂಗಿದೆ.

"ನಂಗೆ ಬೇಜಾರಿಲ್ಲ," ಅಂದರು ಅಜ್ಜ ಕೊನೆಗೆ. "ಮೊದಲನೇ ಬಸ್ಸಲ್ಲಿ ಕೂತು ದಾಟಬೇಕು. ಮಳೆ ಬರ್ತಾ ಇರೋ ದಿನಾನೇ."

ದಡ ಬಂತು. ಅವರು ಇಳಿದು ಹಗ್ಗ ಕಟ್ಟಿದರು. ನಾನು ತಕ್ಷಣ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಕಟ್ಟಿದ ಹಗ್ಗ ಒಂದೆರಡು ಸಲ ಬಿಗಿಯಾಗಿ ಸಡಿಲವಾಗುವುದನ್ನೂ ಫೋನು ನೋಡಿತು.

ಶಾಲೆ ಮುಗಿದ ಮೇಲೆ ಅಜ್ಜನ ಪಕ್ಕ ಕೂತು ಆ ಹನ್ನೆರಡು ನಿಮಿಷವನ್ನೂ ತೋರಿಸಿದೆ. ಬಿಸಿಲಿಗೆ ಅಂಗೈ ಮರೆ ಮಾಡಿಕೊಂಡು ನೋಡಿದರು. ತಮ್ಮ ಮಾತು ಬಂದಾಗ ಮುಖ ತಿರುಗಿಸಿಕೊಂಡರು, ಹುಟ್ಟಿನ ಸದ್ದಿಗೆ ಮತ್ತೆ ತಿರುಗಿದರು.

"ಇದನ್ನ ನಾಲ್ಕು ಜನಕ್ಕೆ ತೋರಿಸಲಾ ಅಜ್ಜ?"

"ನಂದೇನಿಲ್ಲ. ಆದ್ರೆ ಆ ಗಂಡ ಇನ್ನೂ ಇದ್ದಾನೆ, ಮೇಲಿನ ಕೇರಿಲಿ. ಅವನನ್ನ ಕೇಳಿ. ಬೇಡ ಅಂದ್ರೆ ಬೇಡ."

ಏರು ಹತ್ತಿ ಹೋದೆ. ಆತ ಜಗಲಿ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ತಲೆಯೆಲ್ಲ ನರೆತಿತ್ತು. ನನ್ನನ್ನು ನೋಡಿ ಸರಿದು ಜಾಗ ಕೊಟ್ಟರು. ಫೋನನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಅವರ ಪಕ್ಕದಲ್ಲಿ ಕೂತೆ.