ನಿಶ್ಚಿತಾರ್ಥಕ್ಕೆ ಮುಂಚೆ ನಿಮಗೊಂದು ಮಾತು

ಮಂಜುನಾಥ್ ಅವರೇ,

ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ "ಯಾಕೆ ಸುಮ್ಮನಾಗಿಬಿಟ್ರಿ" ಅಂದ್ರಿ. ಚಟ್ನಿ ಖಾರ ಅಂದೆ. ಖಾರ ಇರಲಿಲ್ಲ. ಹೇಳಬೇಕಾದ ಮಾತೊಂದಿತ್ತು, ಪಕ್ಕದಲ್ಲೇ ನಿಮ್ಮ ತಂಗಿ ಕೂತಿದ್ದರು. ಫೋನಿನಲ್ಲಾದರೆ ಅಳು ಬಂದು ಅರ್ಧಕ್ಕೇ ನಿಲ್ಲಿಸ್ತೀನಿ. ಅದಕ್ಕೇ ಬರೀತಿದೀನಿ.

ನಾನು ಒಬ್ಬರನ್ನು ಮೂರು ವರ್ಷ ಪ್ರೀತಿಸಿದ್ದೆ. ಬಿ.ಎಡ್ ಓದುವಾಗ ಜೊತೆಗಿದ್ದವರು. ಜಾತಿ ಬೇರೆ. 2021ರ ಸೆಪ್ಟೆಂಬರಿನಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗೋಕೆ ತುಮಕೂರಿನಲ್ಲಿ ನೋಟಿಸ್ ಕೂಡ ಕೊಟ್ಟಿದ್ದೆವು. ಕೊಟ್ಟ ಮೇಲೆ 30 ದಿನ ಕಾಯಬೇಕು. ಅಲ್ಲೀವರೆಗೂ ಇಬ್ಬರ ಹೆಸರು, ವಿಳಾಸ ಕಚೇರಿಯ ಬೋರ್ಡಿನ ಮೇಲಿರುತ್ತೆ. ತೋಟದ ಭಾಗಪತ್ರಕ್ಕೆಂದು ಅಲ್ಲಿಗೆ ಹೋಗಿದ್ದ ನಮ್ಮ ಚಿಕ್ಕಪ್ಪ ಅದನ್ನು ನೋಡಿ, ಮೊಬೈಲಲ್ಲಿ ಫೋಟೋ ತೆಗೆದು ತಂದು ಅಪ್ಪನ ಮುಂದೆ ಹಿಡಿದರು. ಅಪ್ಪ ಕನ್ನಡಕ ಹುಡುಕಿ ಹಾಕ್ಕೊಂಡು, ಎರಡು ಸಲ ಓದಿ, ಫೋನ್ ವಾಪಸ್ ಕೊಟ್ಟರು. ಏನೂ ಅನ್ನಲಿಲ್ಲ. ಎಂಟು ದಿನ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ, ಅಷ್ಟೇ.

ಮನೆಯವರು ಬಿಡಲಿಲ್ಲ ಅಂತ ಗೊತ್ತಿರೋ ನಾಲ್ಕು ಜನ ಅಂದ್ಕೊಂಡಿದಾರೆ. ಸುಳ್ಳು. ಯಾರೂ ನನ್ನನ್ನು ಕೂಡಿಹಾಕಲಿಲ್ಲ, ಹೊಡೀಲಿಲ್ಲ. ಹೆದರಿ ಹಿಂದೆ ಸರಿದವಳು ನಾನೇ. ಅವರಿಗೆ ಫೋನಲ್ಲೇ "ಆಗಲ್ಲ" ಅಂದೆ. ಮುಖ ನೋಡಿ ಹೇಳೋ ಧೈರ್ಯವೂ ಇರಲಿಲ್ಲ. ನನ್ನ ಈ ಗುಣವೂ ನಿಮಗೆ ಗೊತ್ತಿರಲಿ.

ಮದುವೆ ಆಗಲಿಲ್ಲ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ತಾನಾಗೇ ಬಿದ್ದುಹೋಗುತ್ತೆ, ಹಾಗೇ ಆಯ್ತು. ಆದರೆ ಕಚೇರಿಯ ಪುಸ್ತಕದಲ್ಲಿ ಹೆಸರು ದಾಖಲಾಗಿದೆ. ಅವರಿಗೀಗ ಮದುವೆಯಾಗಿದೆಯಂತೆ. ಅವತ್ತಿಂದ ನಮಗೆ ಮಾತಿಲ್ಲ.

"ಆಗಿಹೋದದ್ದು, ಬಾಯಿ ಬಿಡಬೇಡ" ಅಂತ ಅಮ್ಮ ಆಣೆ ಹಾಕಿಸಿಕೊಂಡಿದ್ರು. ಇವತ್ತು ಮುರಿದೆ. ಚಿಕ್ಕಪ್ಪನ ಫೋನಿನಲ್ಲಿ ಆ ಫೋಟೋ ಇನ್ನೂ ಇದ್ದರೂ ಇರಬಹುದು. ಯಾವುದೋ ನಾಮಕರಣದ ಪಂಕ್ತಿಯಲ್ಲಿ ಯಾರೋ ನಿಮ್ಮ ಕಿವಿಗೆ ಹಾಕೋದು ನನಗೆ ಬೇಡ.

ಏನು ಬೇಕಾದರೂ ಕೇಳಿ, ಹೇಳ್ತೀನಿ. ಅವರ ಹೆಸರೊಂದನ್ನು ಬಿಟ್ಟು. ನಿಮ್ಮ ತಾಯಿಯವರಿಗೆ ಹೇಳೋದು ಬಿಡೋದು ನಿಮ್ಮಿಷ್ಟ. ಸಂಬಂಧ ಬೇಡ ಅನ್ನಿಸಿದರೆ ಮೊದಲು ನನಗೇ ಹೇಳಿ, ಮಧ್ಯಸ್ಥರ ಬಾಯಲ್ಲಿ ಅಲ್ಲ. ಜಾತಕ ಕೂಡಲಿಲ್ಲ ಅನ್ನೋ ನೆಪ ಮಾತ್ರ ನಡೆಯಲ್ಲ, ಚೆನ್ನಾಗಿ ಕೂಡಿದೆ ಅಂತ ನಿಮ್ಮ ತಂದೆಯವರು ತಿಪಟೂರಿಗೆಲ್ಲ ಹೇಳಿ ಆಗಿದೆ. ಬೇರೇನಾದ್ರೂ ಹುಡುಕೋಣ.

ಶುಕ್ರವಾರ ಅಪ್ಪ ಛತ್ರಕ್ಕೆ ಅಡ್ವಾನ್ಸ್ ಕೊಡೋಕೆ ಗುಬ್ಬಿಗೆ ಹೋಗ್ತಾರೆ. ಗುರುವಾರ ರಾತ್ರಿಯೊಳಗೆ ಒಂದು ಮಾತು ತಿಳಿಸಿ. ಇನ್ನೂ ಯೋಚಿಸಬೇಕು ಅಂದ್ರೆ ಅದನ್ನೇ ಹೇಳಿ, ಅಪ್ಪನನ್ನು ನಾನು ತಡೀತೀನಿ. ಸ್ಕೂಲು ನಾಲ್ಕೂವರೆಗೆ ಬಿಡುತ್ತೆ. ಆಮೇಲೆ ಫೋನ್ ಕೈಲೇ ಇರುತ್ತೆ.

ರೂಪಾ